ಗೇಣು, ಟೇಪು ಮತ್ತು ವೆಂಟಿಲೇಟರ್

ನಾಗಪುರದ ಮಹಾಲ್‌ನಲ್ಲಿ ಮನೆ ಮಾಡಿಕೊಂಡಿರುವ ನಾನು ಅಲ್ಲಿನ ಬುಧವಾರ ಬಜಾರ್‌ನಲ್ಲಿ ದರ್ಜಿಗಳು ಬಳಸುವ ಅಳತೆ ಟೇಪುಗಳನ್ನು ಆಗಾಗ ಕೊಳ್ಳುತ್ತೇನೆ. ಅಂಗಡಿಯವನಿಗೆ ನಾನು ಬಟ್ಟೆ ಹೊಲಿಯುವವನೆಂದೇ ನಂಬಿಕೆ. ಟೇಪು ಹೋಗುವುದು ಐಸಿಯುಗೆ. ಅಲ್ಲಿ ಅದು ತಿಂಗಳೊಳಗೆ ಕಳೆದುಹೋಗುತ್ತದೆ, ಮತ್ತೊಂದು ಕೊಳ್ಳಬೇಕು. ವೆಂಟಿಲೇಟರ್ ಹಾಕಿದ ರೋಗಿಗೆ ಒಂದು ಉಸಿರಿನಲ್ಲಿ ಎಷ್ಟು ಗಾಳಿ ಕೊಡಬೇಕು ಎನ್ನುವುದನ್ನು ಆ ಟೇಪು ಹೇಳುತ್ತದೆ. ಹೊಸದಾಗಿ ಐಸಿಯು ಡ್ಯೂಟಿಗೆ ಬರುವ ಕಿರಿಯ ವೈದ್ಯರಿಗೆ ನಾನು ಮೊದಲು ಕಲಿಸುವುದೂ ಇದನ್ನೇ.

ಒಂದು ಉಸಿರಿನಲ್ಲಿ ಒಳಹೋಗುವ ಗಾಳಿಯ ಪ್ರಮಾಣಕ್ಕೆ ಟೈಡಲ್ ವಾಲ್ಯೂಮ್ ಎನ್ನುತ್ತೇವೆ. ಇದನ್ನು ರೋಗಿಯ ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಆದರೆ ತಕ್ಕಡಿಯ ತೂಕದ ಲೆಕ್ಕದಲ್ಲಿ ಅಲ್ಲ. ಮನುಷ್ಯ ದಪ್ಪಗಾದರೆ ಹೊಟ್ಟೆ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. ಅದರ ಗಾತ್ರ ಎತ್ತರಕ್ಕೂ ಹೆಣ್ಣು-ಗಂಡೆಂಬ ವ್ಯತ್ಯಾಸಕ್ಕೂ ಹೊಂದಿಕೊಂಡಿದೆ. ಹಾಗಾಗಿ ಎತ್ತರದಿಂದ ಒಂದು ಅಂದಾಜು ತೂಕ ತೆಗೆಯುತ್ತೇವೆ. ಐದು ಅಡಿ ಎತ್ತರದ ಗಂಡಸಿಗೆ 50 ಕೆಜಿ, ಹೆಂಗಸಿಗೆ 45.5 ಕೆಜಿ. ಅದರ ಮೇಲೆ ಪ್ರತಿ ಇಂಚಿಗೆ 2.3 ಕೆಜಿ ಕೂಡಿಸುವುದು, ಕಡಿಮೆಯಿದ್ದರೆ ಅಷ್ಟೇ ಕಳೆಯುವುದು.

ಒಂದು ಉದಾಹರಣೆ ಹೇಳುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ವಿದರ್ಭದಲ್ಲಿ ಸ್ಕ್ರಬ್ ಟೈಫಸ್ ಜ್ವರ ಕಾಣಿಸಿಕೊಳ್ಳುತ್ತದೆ. ಹುಲ್ಲು ಪೊದೆಗಳಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಬರುವ ರೋಗ ಇದು. 2018ರಲ್ಲಿ ನಾಗಪುರದಲ್ಲಿ ಜೋರಾಗಿಯೇ ಬಂದಿತ್ತು. ಕೆಲವರಲ್ಲಿ ಅದು ಎರಡೂ ಶ್ವಾಸಕೋಶಗಳಿಗೆ ನೀರು ತುಂಬಿಸಿ ಎಆರ್‌ಡಿಎಸ್ ಎಂಬ ಸ್ಥಿತಿಗೆ ತರುತ್ತದೆ. ಅಂಥ ಒಬ್ಬ ಹೆಂಗಸು, ಹೊಲದ ಕೆಲಸದವರು, ಬೇರೆ ಊರಿನಿಂದ ಟ್ಯೂಬ್ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದರು. ತೂಕ ಸುಮಾರು 72 ಕೆಜಿ. ಯಂತ್ರದಲ್ಲಿ ಟೈಡಲ್ ವಾಲ್ಯೂಮ್ 450 ಮಿಲಿಲೀಟರ್, ನಿಮಿಷಕ್ಕೆ 18 ಉಸಿರು, ಪೀಪ್ 5. ತಕ್ಕಡಿಯ ತೂಕಕ್ಕೆ ಹೋಲಿಸಿದರೆ ಕೆಜಿಗೆ 6 ಮಿಲಿಲೀಟರ್‌ಗಿಂತ ಸ್ವಲ್ಪವೇ ಹೆಚ್ಚು. ನೋಡಿದವರಿಗೆ ತಪ್ಪೇನೂ ಕಾಣದು.

ನಾವು ಮಗಳನ್ನು "ಉಂಚಿ ಕಿತಿ?" ಎಂದು ಕೇಳಿದೆವು. ಅವಳು ತನ್ನ ಭುಜದ ಹತ್ತಿರ ಕೈಯಿಟ್ಟು ತೋರಿಸಿದಳು. ಮನೆಯವರು ಹೇಳುವ ಎತ್ತರವನ್ನು ನಾನು ನಂಬುವುದಿಲ್ಲ, ಕಣ್ಣಳತೆಯನ್ನಂತೂ ಇಲ್ಲವೇ ಇಲ್ಲ; ಮಲಗಿದವರೆಲ್ಲ ಉದ್ದವಾಗಿಯೇ ಕಾಣುತ್ತಾರೆ. ಹಾಸಿಗೆಯನ್ನು ಸಮ ಮಾಡಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದಾಗ 58 ಇಂಚು ಬಂತು. ಐದು ಅಡಿಗೆ ಎರಡು ಇಂಚು ಕಮ್ಮಿ. 45.5ರಿಂದ 4.6 ಕಳೆದರೆ ಸುಮಾರು 41 ಕೆಜಿ. ಅಂದರೆ ಆಕೆಗೆ ಹೋಗುತ್ತಿದ್ದದ್ದು ಕೆಜಿಗೆ ಹನ್ನೊಂದು ಮಿಲಿಲೀಟರ್, ಹೆಚ್ಚುಕಡಿಮೆ ಎರಡರಷ್ಟು.

ಅದು ಹೆಚ್ಚಾಗಿದೆಯೆಂದು ಶ್ವಾಸಕೋಶವೂ ಹೇಳುತ್ತದೆ, ಕೇಳಬೇಕಷ್ಟೆ. ಯಂತ್ರದ ಪರದೆಯ ಮೇಲೆ ಸದಾ ಕಾಣುವುದು ಪೀಕ್ ಪ್ರೆಶರ್. ಅದರಲ್ಲಿ ಟ್ಯೂಬಿನ ಅಡ್ಡಿ, ಕಫದ ಅಡ್ಡಿ ಎಲ್ಲ ಸೇರಿರುತ್ತದೆ. ಗಾಳಿ ಒಳಹೋದ ಮೇಲೆ ಅರ್ಧ ಸೆಕೆಂಡು ತಡೆಹಿಡಿದರೆ ಹರಿವು ನಿಲ್ಲುತ್ತದೆ; ಆಗ ಉಳಿಯುವ ಒತ್ತಡ ಶ್ವಾಸಕೋಶದ ಒಳಗಿನದು. ಅದೇ ಪ್ಲಾಟೋ. ಪೀಕ್ ಮಾತ್ರ ಏರಿ ಪ್ಲಾಟೋ ಸರಿಯಾಗಿದ್ದರೆ ಟ್ಯೂಬ್ ಮಡಚಿದೆಯೇ, ಕಫ ಕಟ್ಟಿದೆಯೇ, ಶ್ವಾಸನಾಳ ಬಿಗಿದಿದೆಯೇ ಎಂದು ನೋಡಬೇಕು. ಎರಡೂ ಏರಿದ್ದರೆ ತೊಂದರೆ ಶ್ವಾಸಕೋಶದಲ್ಲೋ ಎದೆಗೂಡಿನಲ್ಲೋ ಇದೆ. ಟ್ಯೂಬ್ ಒಂದೇ ಬದಿಗೆ ಇಳಿದಿದ್ದರೂ, ಶ್ವಾಸಕೋಶ ಒಡೆದು ಗಾಳಿ ಹೊರಗೆ ಸೇರಿದ್ದರೂ ಹೀಗಾಗುತ್ತದೆ. ರೋಗಿ ತಾನೇ ಉಸಿರೆಳೆಯುತ್ತಿದ್ದರೆ ಈ ಅಳತೆಯನ್ನು ನಂಬುವಂತಿಲ್ಲ.

ಆಕೆಯ ಪ್ಲಾಟೋ 36 ಸೆಂಟಿಮೀಟರ್ ನೀರಿನಷ್ಟಿತ್ತು. 30ರೊಳಗೆ ಇರಬೇಕು. ಪ್ಲಾಟೋದಿಂದ ಪೀಪ್ ಕಳೆದರೆ 31. ಇದಕ್ಕೆ ಡ್ರೈವಿಂಗ್ ಪ್ರೆಶರ್ ಎನ್ನುತ್ತೇವೆ, 15ರ ಆಸುಪಾಸಿನಲ್ಲಿದ್ದರೆ ನಮಗೆ ಸಮಾಧಾನ. ಏಕೆ ಇಷ್ಟು ಏರಿತು? ಎಆರ್‌ಡಿಎಸ್‌ನಲ್ಲಿ ಶ್ವಾಸಕೋಶ ಇಡಿಯಾಗಿ ಗಟ್ಟಿಯಾಗುವುದಿಲ್ಲ. ಬೆನ್ನಿನ ಕಡೆಯ ಭಾಗ ನೀರು ತುಂಬಿ ಮುಚ್ಚಿಕೊಳ್ಳುತ್ತದೆ, ಗಾಳಿಯಾಡಲು ಉಳಿಯುವುದು ಮುಂಭಾಗದ ಒಂದಿಷ್ಟು ಮಾತ್ರ. ಇಟಲಿಯ ಗಾಟಿನೋನಿ ಸಿಟಿ ಸ್ಕ್ಯಾನ್ ನೋಡಿ ಇದಕ್ಕೆ ಬೇಬಿ ಲಂಗ್ ಎಂದರು. ದೊಡ್ಡವರ ದೇಹದಲ್ಲಿ ಕೂಸಿನ ಶ್ವಾಸಕೋಶ. 450 ಮಿಲಿಲೀಟರ್ ಪೂರ್ತಿ ಆ ಕೂಸಿಗೇ ನುಗ್ಗುತ್ತಿತ್ತು.

ನಾವು ವಾಲ್ಯೂಮನ್ನು 330ಕ್ಕೆ, ಆಮೇಲೆ 290ಕ್ಕೆ, ಎರಡು ಮೂರು ಗಂಟೆಗಳಲ್ಲಿ 250ಕ್ಕೆ ಇಳಿಸಿದೆವು. ಉಸಿರಿನ ಸಂಖ್ಯೆಯನ್ನು ಜೊತೆಜೊತೆಗೇ 30ಕ್ಕೆ ಏರಿಸಿದೆವು. ಇದನ್ನು ಮರೆತರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮೊದಲು ನಿಮಿಷಕ್ಕೆ 8.1 ಲೀಟರ್ ಹೋಗುತ್ತಿತ್ತು, ಈಗ 7.5. ಪೀಪ್ 10ಕ್ಕೆ ಏರಿತು. ಉಸಿರು ಬಿಟ್ಟಾಗಲೂ ಒಳಗೆ ಉಳಿಯುವ ಈ ಒತ್ತಡ, ಕುಸಿಯುವ ಗಾಳಿಗೂಡುಗಳನ್ನು ತೆರೆದಿಡುತ್ತದೆ. ಪ್ಲಾಟೋ 25ಕ್ಕೆ ಬಂತು, ಡ್ರೈವಿಂಗ್ ಪ್ರೆಶರ್ 15.

ಆಗ ಡ್ಯೂಟಿಯಲ್ಲಿದ್ದ ಬೀದರಿನ ಹುಡುಗಿ ಕೇಳಿದಳು: "ಸರ್, ಮೊದಲು ಸ್ಯಾಚುರೇಷನ್ 96 ಇತ್ತು, ಈಗ 91 ಅದ ರೀ. ಛಲೋ ಇದ್ದದ್ದು ನಾವೇ ಕೆಡಿಸಿದಂಗ ಆಗಲಿಲ್ಲೇನ್ರಿ?"

ಒಳ್ಳೆಯ ಪ್ರಶ್ನೆ. 2000ದಲ್ಲಿ ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್ 861 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಒಂದು ಗುಂಪಿಗೆ ಕೆಜಿಗೆ 12 ಮಿಲಿಲೀಟರ್, ಇನ್ನೊಂದಕ್ಕೆ 6. ಮೊದಲ ದಿನಗಳಲ್ಲಿ ಆಮ್ಲಜನಕದ ಮಟ್ಟ ಚೆನ್ನಾಗಿದ್ದದ್ದು 12ರ ಗುಂಪಿನಲ್ಲಿ. ಆದರೆ ಆ ಗುಂಪಿನಲ್ಲಿ ಸತ್ತವರು ಶೇ. 39.8, 6ರ ಗುಂಪಿನಲ್ಲಿ ಶೇ. 31. ಹಿಗ್ಗಿಸಿದ ಶ್ವಾಸಕೋಶ ಇವತ್ತಿನ ಮಟ್ಟಿಗೆ ರಕ್ತವನ್ನು ಕೆಂಪಾಗಿಸುತ್ತದೆ, ಜೊತೆಗೆ ತಾನೂ ಹರಿಯುತ್ತದೆ, ಉರಿಯೂತವನ್ನು ದೇಹಕ್ಕೆಲ್ಲ ಹಬ್ಬಿಸುತ್ತದೆ. ಆದ್ದರಿಂದ ಸ್ಯಾಚುರೇಷನ್ 88ರಿಂದ 95ರ ನಡುವೆ ಇದ್ದರೆ ಸಾಕು. ಆಕೆಯ ಪಿಎಚ್ 7.27ಕ್ಕೆ ಇಳಿದಿತ್ತು. ಉಸಿರನ್ನು 32ಕ್ಕೆ ಏರಿಸಿದೆವು, ಅದು 7.31ಕ್ಕೆ ಬಂತು. ಈ ಏರಿಕೆಗೆ 35 ಮಿತಿ. ಏರಿಸುವಾಗ ಉಸಿರು ಹೊರಬರುವ ಹರಿವಿನ ಗೆರೆ ಸೊನ್ನೆಗೆ ಮುಟ್ಟುತ್ತಿದೆಯೇ ನೋಡಬೇಕು. ಮುಟ್ಟುವ ಮೊದಲೇ ಮುಂದಿನ ಉಸಿರು ಬಿದ್ದರೆ ಗಾಳಿ ಒಳಗೇ ಉಳಿಯುತ್ತ ಹೋಗಿ ಬಿಪಿ ಕುಸಿಯುತ್ತದೆ. ತಲೆಗೆ ಪೆಟ್ಟಾಗಿ ಮೆದುಳಿನ ಒತ್ತಡ ಏರಿದವರಲ್ಲಿ ಡೈಆಕ್ಸೈಡ್ ಏರಲು ಬಿಡುವ ಈ ಸಡಿಲಿಕೆ ನಡೆಯದು.

ಮೋಡ್‌ಗಳ ಬಗ್ಗೆ ಹುಡುಗರು ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಕಂಪನಿಗೊಂದು ಹೆಸರು ಬೇರೆ. ವಾಲ್ಯೂಮ್ ಕಂಟ್ರೋಲ್‌ನಲ್ಲಿ ಗಾಳಿಯ ಪ್ರಮಾಣ ನಿಮ್ಮದು, ಒತ್ತಡ ಶ್ವಾಸಕೋಶದ್ದು, ಒತ್ತಡವನ್ನು ಕಾಯಬೇಕು. ಪ್ರೆಶರ್ ಕಂಟ್ರೋಲ್‌ನಲ್ಲಿ ಒತ್ತಡ ನಿಮ್ಮದು, ಪ್ರಮಾಣ ಶ್ವಾಸಕೋಶದ್ದು, ಪ್ರಮಾಣವನ್ನು ಕಾಯಬೇಕು. ರೋಗಿ ಸುಧಾರಿಸಿ ಶ್ವಾಸಕೋಶ ಮೆತ್ತಗಾದಂತೆ ಅದೇ ಒತ್ತಡಕ್ಕೆ 250 ಇದ್ದದ್ದು 400 ಆಗುತ್ತದೆ, ಯಾವ ಅಲಾರಂ ಕೂಗುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂಬ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಹೊಸಬರಿಗೆ ಮಾತ್ರ ವಾಲ್ಯೂಮ್ ಕಂಟ್ರೋಲನ್ನೇ ಕೊಡುತ್ತೇನೆ, ಪ್ಲಾಟೋ ನೋಡುವ ಅಭ್ಯಾಸ ಅದರಲ್ಲಿ ಬೇಗ ಬರುತ್ತದೆ.

ಡಾಕ್ಸಿಸೈಕ್ಲಿನ್ ಕೆಲಸ ಮಾಡತೊಡಗಿತು. ಮೂರನೆಯ ದಿನ ನಿದ್ದೆಯ ಔಷಧ ಇಳಿಸಿದಾಗ ಆಕೆ ತಾನೇ ಉಸಿರೆಳೆಯತೊಡಗಿದರು. 250 ಸಾಲದೆ ಒಂದರ ಬೆನ್ನಿಗೇ ಇನ್ನೊಂದು ಉಸಿರು. ಪರದೆಯ ಮೇಲೆ ಎರಡು ಅಲೆ ಅಂಟಿಕೊಂಡಂತೆ ಕಾಣುತ್ತಿತ್ತು. ಮೊದಲನೆಯದು ಹೊರಬರುವ ಮುನ್ನವೇ ಎರಡನೆಯದು ಹೋದರೆ ಒಳಗೆ 500 ಸೇರುತ್ತದೆ. ಸೆಟ್ಟಿಂಗ್ ಮಾತ್ರ ಇನ್ನೂ 250 ಎಂದೇ ತೋರಿಸುತ್ತದೆ. ಬೀದರಿನ ಹುಡುಗಿಯೇ ಅದನ್ನು ಮೊದಲು ಕಂಡವಳು. ಪ್ಲಾಟೋಗೆ ಜಾಗವಿದ್ದದ್ದರಿಂದ ವಾಲ್ಯೂಮನ್ನು 300ಕ್ಕೆ ಏರಿಸಿ, ಗಾಳಿ ಒಳಹೋಗುವ ಅವಧಿಯನ್ನು ಸ್ವಲ್ಪ ಉದ್ದ ಮಾಡಿದಳು. ಅಲೆಗಳು ಬೇರೆಯಾದವು. ಮಾರನೆಯ ದಿನ ಪ್ರೆಶರ್ ಸಪೋರ್ಟ್‌ಗೆ ಹಾಕಿದೆವು, ಆರನೆಯ ದಿನ ಟ್ಯೂಬ್ ತೆಗೆದೆವು.