ಮಗುವಿನ ಮೊದಲ ದಿನ

ಮಗುವಿನ ವಯಸ್ಸನ್ನು ಎಣಿಸುವುದಕ್ಕೆ ಒಂದೇ ಲೆಕ್ಕವಿದೆಯೆಂದು ನಾನು ಬಹುಕಾಲ ನಂಬಿದ್ದೆ. ಹುಟ್ಟಿದ ದಿನವೇ ಮೊದಲ ದಿನ. ಅದರಲ್ಲಿ ಸಂಶಯಕ್ಕೆ ಎಡೆಯೆಲ್ಲಿದೆ? ಆದರೆ 2024ರ ಮಳೆಗಾಲದಲ್ಲಿ ನಮ್ಮ ಅಕ್ಕನ ಮಗು ಹುಟ್ಟಿದಾಗ, ಒಂದೇ ಮಗುವಿಗೆ ಮೂರು ಲೆಕ್ಕಗಳಿರುವುದನ್ನು ಕಂಡೆ. ಮನೆಯವರದೊಂದು, ವೈದ್ಯರದೊಂದು, ವಿಮೆಯವರದೊಂದು.

ಅಕ್ಕ ಹೆರಿಗೆಗೆಂದು ಬೆಂಗಳೂರಿನಿಂದ ಮುತ್ತಿನಕೊಪ್ಪಕ್ಕೆ ಬಂದು ಎರಡು ವಾರವಾಗಿತ್ತು. ದಿನ ತುಂಬಲು ಇನ್ನೂ ಒಂಬತ್ತು ವಾರಗಳಿದ್ದವು. ಜುಲೈ ತಿಂಗಳ ಒಂದು ಸಂಜೆ, ಬಿಡದೆ ಸುರಿಯುತ್ತಿದ್ದ ಮಳೆಯ ನಡುವೆ ಆಕೆಗೆ ನೋವು ಕಾಣಿಸಿಕೊಂಡಿತು. ನೆರೆಮನೆಯವರ ಜೀಪಿನಲ್ಲಿ ನರಸಿಂಹರಾಜಪುರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ಅಲ್ಲಿ ಒಂದು ಚುಚ್ಚುಮದ್ದು ಕೊಟ್ಟು, ಇಷ್ಟು ಎಳೆಯ ಮಗುವನ್ನು ನೋಡಿಕೊಳ್ಳುವ ಏರ್ಪಾಡು ಶಿವಮೊಗ್ಗದಲ್ಲಿದೆಯೆಂದು ಹೇಳಿ ಕಳುಹಿಸಿದರು. ಶಿವಮೊಗ್ಗ ಮುಟ್ಟಿದಾಗ ಸರಿರಾತ್ರಿ. "ನನ್ನ ವಿಮೆಯಿದೆ, ಐದು ಲಕ್ಷದ್ದು. ಖರ್ಚಿಗೆ ಹೆದರಬೇಡಿ, ಮಾವಯ್ಯ" ಎಂದು ಭಾವ ಬೆಂಗಳೂರಿನಿಂದ ಫೋನಿನಲ್ಲಿ ಧೈರ್ಯ ಹೇಳಿದರು. ಆ ಧೈರ್ಯದ ಮೇಲೆ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ತೂಕ 1,380 ಗ್ರಾಂ. ನಮ್ಮಮ್ಮ ಅಂಗಡಿಯಿಂದ ತರುವ ಬೆಲ್ಲದ ಉಂಡೆಗಿಂತ ತುಸು ಹೆಚ್ಚು, ಅಷ್ಟೆ.

ಇಂತಹ ಮಗುವಿಗೆ ರೋಗವೇನೂ ಇರಬೇಕೆಂದಿಲ್ಲ. ಗರ್ಭದೊಳಗೆ ಒಂಬತ್ತು ವಾರ ನಡೆಯಬೇಕಾಗಿದ್ದ ಕೆಲಸವನ್ನು ಹೊರಗೆ ಯಂತ್ರಗಳಿಂದ ಮಾಡಿಸಬೇಕು, ಅದೇ ಚಿಕಿತ್ಸೆ. ಮೈಯಲ್ಲಿ ಕೊಬ್ಬಿಲ್ಲದ ಕಾರಣ ಬೆಚ್ಚಗಿಡುವ ತೊಟ್ಟಿಲು ಬೇಕು. ಶ್ವಾಸಕೋಶ ಮುಚ್ಚಿಕೊಳ್ಳದಂತೆ ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಎಂಬ ಉಪಕರಣ ಬೇಕು. ಚೀಪಿ ನುಂಗಿ ಉಸಿರಾಡುವುದನ್ನು ಒಟ್ಟಿಗೆ ಮಾಡಲು ಬಾರದ್ದರಿಂದ, ತಾಯಿಯ ಹಾಲನ್ನು ಸಣ್ಣ ಕೊಳವೆಯಿಂದ ಹೊಟ್ಟೆಗೆ ಬಿಡಬೇಕು. ಇವು ಯಾವುದನ್ನೂ ಅವಸರಪಡಿಸುವಂತಿಲ್ಲ. ಮಗು ಮೊದಲ ದಿನಗಳಲ್ಲಿ ತೂಕ ಕಳೆದುಕೊಳ್ಳುತ್ತದೆ. ಹುಟ್ಟಿದಾಗಿನ ತೂಕಕ್ಕೆ ಮರಳಲು ಎರಡು ವಾರವಾದರೂ ಹಿಡಿಯಬಹುದು. ಆಮೇಲೆ ದಿನಕ್ಕೆ ಇಪ್ಪತ್ತು ಗ್ರಾಂ ಏರಿದರೆ ಸಂತೋಷ. ಆದುದರಿಂದ ಬಿಲ್ಲು ಬೆಳೆಯುವುದು ದಿನಗಳ ಎಣಿಕೆಯಿಂದ.

ನಾಲ್ಕು ದಿನಗಳ ಬಿಲ್ಲನ್ನು ನಾನೇ ನನ್ನ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಹಾಸಿಗೆ ದಿನಕ್ಕೆ 7,000ದಂತೆ 28,000. ಸಿಪ್ಯಾಪ್ ಮೂರು ದಿನಕ್ಕೆ 12,000. ವೈದ್ಯರ ಭೇಟಿ 6,000. ಔಷಧ, ಪರೀಕ್ಷೆಗಳಿಗೆ 14,000. ಒಟ್ಟು 60,000 ರೂಪಾಯಿ, ತಾಯಿಯ ಹೆರಿಗೆಯ ಖರ್ಚು ಬೇರೆ. ಇನ್ನೂ ಮೂರು ವಾರವಾದರೂ ಇರಬೇಕಾದೀತೆಂದು ವೈದ್ಯರು ತಿಳಿಸಿದ್ದರು.

ಮೂರನೆಯ ದಿನ ಭಾವ ವಿಮೆಯ ಕಾಗದಗಳನ್ನು ತಂದರು. ಮನೆಯಲ್ಲಿ ಇಂಗ್ಲಿಷು ಓದಬಲ್ಲವನೆಂದು ಅಪ್ಪಯ್ಯ ಅವನ್ನು ನನ್ನ ಕೈಗಿತ್ತರು. ಅದು 'ಆರೋಗ್ಯ ಸಂಜೀವಿನಿ' ಎಂಬ ಪಾಲಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ ಆಜ್ಞೆಯಂತೆ 2020ರ ಏಪ್ರಿಲಿನಿಂದ ಬೇರೆ ಬೇರೆ ಕಂಪನಿಗಳು ಒಂದೇ ಮಾದರಿಯ ಷರತ್ತುಗಳೊಡನೆ ಮಾರಿದ ವಿಮೆಯಿದು. ಅದರಲ್ಲಿ ನಮಗೆ ಸಂಬಂಧಿಸಿದ ವಾಕ್ಯಗಳು ಎರಡೇ. ಹೆರಿಗೆಗೆ ಸಂಬಂಧಿಸಿದ ಖರ್ಚು ಕೊಡುವುದಿಲ್ಲವೆಂಬುದು ಒಂದು. ಅವಲಂಬಿತ ಮಕ್ಕಳೆಂದರೆ ಮೂರು ತಿಂಗಳಿನಿಂದ ಇಪ್ಪತ್ತೈದು ವರ್ಷದವರೆಗಿನವರು ಎಂಬುದು ಇನ್ನೊಂದು. ನಮ್ಮ ಮಗುವಿಗೆ ಆಗ ಮೂರು ದಿನ. ಐದು ಲಕ್ಷವಿದ್ದುದು ನಿಜ. ಅದರ ಬಾಗಿಲು ತೆರೆಯಲು ಇನ್ನೂ ಎಂಬತ್ತೊಂಬತ್ತು ದಿನಗಳಷ್ಟು ಕಾಯಬೇಕಿತ್ತು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಖರ್ಚೆಲ್ಲ ಬೀಳುವುದೂ ಆ ದಿನಗಳಲ್ಲೇ.

ನಾನು ಓದಿ ಹೇಳಿದ್ದನ್ನು ಕೇಳಿ ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ಇವರ ಲೆಕ್ಕದಾಗೆ ಮಗು ಇನ್ನೂ ಹುಟ್ಟೇ ಇಲ್ಲೇನೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಬಂದುದು ಅಲ್ಲಿಯ ಒಬ್ಬ ನರ್ಸಮ್ಮನಿಂದ. ಸರ್ಕಾರದ ಲೆಕ್ಕವೇ ಬೇರೆಯೆಂದು ಆಕೆ ತಿಳಿಸಿದರು. 2011ರ ಜೂನ್ ಒಂದರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಔಷಧ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಉಚಿತ. ಮೊದಲು ಮೂವತ್ತು ದಿನಗಳಿಗಿದ್ದ ಈ ಸೌಲಭ್ಯ ಮುಂದೆ ಒಂದು ವರ್ಷಕ್ಕೆ ವಿಸ್ತರಿಸಿತು. ಇದಕ್ಕೆ ಬಡತನದ ಕಾರ್ಡನ್ನು ಕೇಳುವುದಿಲ್ಲ; ಮಗುವಿಗೆ ಹೆಸರಾಗಲಿ ಆಧಾರ್ ಆಗಲಿ ಬೇಕಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿಯೂ ಎಳೆಗೂಸನ್ನು ತಂದೆತಾಯಿಯ ಕಾರ್ಡಿನ ಮೇಲೆಯೇ ನೋಡುತ್ತಾರೆ. ಆದರೆ ಆಸ್ಪತ್ರೆ ಆ ಯೋಜನೆಗೆ ನೋಂದಾಯಿಸಿಕೊಂಡಿರಬೇಕು. ನಾವಿದ್ದದ್ದು ನೋಂದಾಯಿಸಿರಲಿಲ್ಲ. ಸೇರಿಸುವ ಮೊದಲು ಕೇಳಬೇಕಾದ ಪ್ರಶ್ನೆಯಿದು. ಆ ರಾತ್ರಿ ನಮಗೆ ಹೊಳೆಯಲಿಲ್ಲ.

ಮಗುವನ್ನು ಮೆಗ್ಗಾನ್ ಆಸ್ಪತ್ರೆಗೆ ಕೊಂಡೊಯ್ಯಲು ನಿಶ್ಚಯಿಸಿದೆವು. ಆದರೆ ಇದು ಗಂಟುಮೂಟೆ ಕಟ್ಟಿ ಹೊರಡುವಂತಹ ಕೆಲಸವಲ್ಲ. ದಾರಿಯಲ್ಲಿ ಮೈ ತಣ್ಣಗಾದರೆ ಅಥವಾ ಉಸಿರು ನಿಂತರೆ ಉಳಿಸಿದ ಹಣದಿಂದೇನು ಫಲ? ಸಿಪ್ಯಾಪ್ ತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ ಮಗು ತಾನಾಗಿ ಉಸಿರಾಡಿದ್ದನ್ನು ನೋಡಿ, ಅಲ್ಲಿ ಹಾಸಿಗೆ ತೆರವಿರುವುದನ್ನು ಫೋನಿನಲ್ಲಿ ಖಚಿತಪಡಿಸಿಕೊಂಡು, ವೈದ್ಯರು ಚೀಟಿ ಬರೆದುಕೊಟ್ಟರು. ಐದನೆಯ ದಿನ ಮಗು ಅಕ್ಕನ ಎದೆಗೆ ಬರಿಮೈಯಲ್ಲಿ ಅಂಟಿಕೊಂಡು, ಮೇಲೆ ಶಾಲು ಹೊದ್ದು, ನರ್ಸಿನ ಕಾವಲಿನಲ್ಲಿ ಪ್ರಯಾಣ ಮಾಡಿತು. ಅಂದು ಅದರ ತೂಕ 1,250 ಗ್ರಾಂ. ಹದಿಮೂರನೆಯ ದಿನ ಹುಟ್ಟಿದಾಗಿನ ತೂಕಕ್ಕೆ ಮರಳಿತು. ಇಪ್ಪತ್ತೇಳನೆಯ ದಿನ 1,670 ಗ್ರಾಂ ತೂಗುತ್ತ, ಹಾಲನ್ನು ತಾನೇ ಚೀಪುತ್ತ, ಮುತ್ತಿನಕೊಪ್ಪಕ್ಕೆ ಬಂದಿತು. ಆ 60,000ಕ್ಕಾಗಿ ಅಪ್ಪಯ್ಯ ಸೊಸೈಟಿಯಲ್ಲಿ ಮಾಡಿದ ಸಾಲ ಇನ್ನೂ ತೀರಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಭಾವ ಮಗುವಿನ ಹೆಸರನ್ನು ಪಾಲಿಸಿಗೆ ಸೇರಿಸಲು ಅರ್ಜಿ ತುಂಬಿದರು. ಹಿಂದೆ ಆಸ್ಪತ್ರೆಯಲ್ಲಿದ್ದುದುಂಟೇ ಎಂಬ ಕಲಮಿನ ಎದುರು ಅವರ ಲೇಖನಿ ಕ್ಷಣಕಾಲ ನಿಂತಿತು. ಇದ್ದುದನ್ನು ಇದ್ದಂತೆ ಬರೆಯಿರಿ, ಮುಚ್ಚಿಟ್ಟರೆ ಮುಂದೆ ಕ್ಲೇಮನ್ನು ತಿರಸ್ಕರಿಸಲು ಅದೇ ಕಾರಣವಾದೀತು ಎಂದೆ. ಬರೆದರು. ಅದೇ ವಾರ ಮಗುವಿನ ಬೆಳವಣಿಗೆ ಪರೀಕ್ಷಿಸಿದ ವೈದ್ಯರು, ಇದನ್ನು ಮೂರು ತಿಂಗಳ ಮಗುವೆಂದು ನೋಡಬೇಡಿ, ದಿನ ತುಂಬಬೇಕಾಗಿದ್ದ ದಿನದಿಂದ ಎಣಿಸಿದರೆ ಒಂದು ತಿಂಗಳಿನದು ಎಂದರು. ವಿಮೆಯವರು ಮಾತ್ರ ಹುಟ್ಟಿದ ದಿನದಿಂದಲೇ ಎಣಿಸುತ್ತಾರೆ. ಬೇಗ ಬಂದ ಮಗುವೆಂದು ಅಲ್ಲಿ ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ.

ಆಮೇಲೆ ಗೆಳೆಯನೊಬ್ಬನ ಅಣ್ಣ ತನ್ನ ಕಾರ್ಖಾನೆಯ ಗುಂಪು ವಿಮೆಯ ಕಾಗದವನ್ನು ನನ್ನ ಬಳಿ ಓದಿಸಿದ. ಅದರಲ್ಲಿ ಮಗುವಿಗೆ ಮೊದಲ ದಿನದಿಂದಲೇ ರಕ್ಷಣೆಯಿತ್ತು. ಆದರೆ ಅದು ಹೆರಿಗೆಗೆಂದು ಇಟ್ಟ ಸಣ್ಣ ಮಿತಿಯೊಳಗೋ, ಕುಟುಂಬದ ಪೂರ್ಣ ಮೊತ್ತದೊಳಗೋ ಎಂಬುದು ಬೇರೊಂದು ಪುಟದಲ್ಲಿತ್ತು. ಜನನವನ್ನು ಇಂತಿಷ್ಟು ದಿನದೊಳಗೆ ತಿಳಿಸಬೇಕೆಂಬುದು ಮತ್ತೊಂದರಲ್ಲಿ. ಆತನ ಹೆಂಡತಿಗೆ ಆಗ ಐದು ತಿಂಗಳು. ಮೂರು ಪುಟಗಳನ್ನೂ ನಿಧಾನವಾಗಿ ಓದಲು ನಮಗೆ ವೇಳೆಯಿತ್ತು.