ಕಂಪನಿ ಎಂದರೆ ನೂರಿಪ್ಪತ್ತು ಜನ

ನಿವೃತ್ತಿಯಾದ ಮೇಲೆ ಕೆಲವರು ಕುಂಡದಲ್ಲಿ ಗುಲಾಬಿ ಬೆಳೆಸುತ್ತಾರೆ, ಕೆಲವರು ಪಾರ್ಕಿನ ಬೆಂಚಿನ ಮೇಲೆ ಕೂತು ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸುತ್ತಾರೆ. ನನಗೆ ಹತ್ತಿದ ಚಟ ಬೇರೆ. ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಮುಗಿದ ಮೇಲೆ, ಸೇನೆಯಿಂದ ಬಿಡುಗಡೆಯಾಗಿ ಬಂದವರಿಗೆ ರೆಸ್ಯೂಮೆ ಬರೆದುಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ, ಪದಬಂಧ ಬಿಡಿಸಿದ್ದಕ್ಕೆ ಯಾರಾದರೂ ದುಡ್ಡು ತಗೊಳ್ಳುತ್ತಾರೆಯೇ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಅರ್ಜಿಗಳನ್ನು ಓದಿ ಪಕ್ಕಕ್ಕಿಡುವುದು ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು. ಒಂದು ಸಲ ಸ್ಟೋರ್ಸ್ ಸೂಪರ್‌ವೈಸರ್ ಹುದ್ದೆಗೆ ಬಂದ ಅರ್ಜಿಯಲ್ಲಿ ‘ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್’ ಎಂದಿತ್ತು. ನಾನು ಪೆನ್ಸಿಲಿನಲ್ಲಿ ‘ಕ್ವಾರ್ಟರ್ಸ್ ನೋಡಿಕೊಳ್ಳುವವರು ಸದ್ಯಕ್ಕೆ ಬೇಡ’ ಎಂದು ಗೀಚಿ ಇಟ್ಟೆ. ನಮ್ಮಲ್ಲಿ ಕಂಪನಿ ಎಂದರೆ ಕಾರ್ಖಾನೆ, ಕ್ವಾರ್ಟರ್ಸ್ ಎಂದರೆ ನೌಕರರ ಮನೆ. ಅವರಲ್ಲಿ ಕಂಪನಿ ಎಂದರೆ ಸುಮಾರು ನೂರಿಪ್ಪತ್ತು ಜನ ಸೈನಿಕರ ತುಕಡಿ. ಆ ಹವಾಲ್ದಾರರು ಅಷ್ಟೂ ಜನರ ಬೂಟು, ಕಂಬಳಿ, ಟೆಂಟು, ಪಡಿತರದ ಲೆಕ್ಕ ಇಟ್ಟವರು. ನಾವು ಹುಡುಕುತ್ತಿದ್ದ ಮನುಷ್ಯ ಅವರೇ. ಇದು ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ನನ್ನ ಭಾನುವಾರಗಳನ್ನು ಹೆಂಡತಿ ಪ್ರಾಯಶ್ಚಿತ್ತ ಎಂದು ಕರೆಯುವುದು ಈ ಕಥೆ ಗೊತ್ತಿರುವುದರಿಂದ.

ಕಳೆದ ಮಳೆಗಾಲದಲ್ಲಿ ಬಂದವರೂ ಅದೇ ಹುದ್ದೆಯವರು. ಅರಕಲಗೂಡಿನ ಕಡೆಯವರು, 22 ವರ್ಷ ಸೇವೆ, ನಲವತ್ತು ದಾಟಿದ ವಯಸ್ಸು. ನೆಲಮಂಗಲದ ಹತ್ತಿರದ ಗೋದಾಮೊಂದಕ್ಕೆ ಸೂಪರ್‌ವೈಸರ್ ಬೇಕೆಂಬ ಜಾಹೀರಾತನ್ನು ಕತ್ತರಿಸಿ ತಂದಿದ್ದರು. ಜೊತೆಗೆ ತಾವೇ ಬರೆದ ರೆಸ್ಯೂಮೆ. ಅದರಲ್ಲಿ ಪದಕಗಳಿಗೆ ಅರ್ಧ ಪುಟ, ಕೆಲಸಕ್ಕೆ ಒಂದೇ ಸಾಲು: ‘ಕಂಪನಿಯ ಸ್ಟೋರ್ ಡ್ಯೂಟಿ ಮಾಡಿದ್ದೇನೆ.’

ನಾನು ರೆಸ್ಯೂಮೆ ಪಕ್ಕಕ್ಕಿಟ್ಟು ಮೊದಲು ಜಾಹೀರಾತನ್ನೇ ಓದುತ್ತೇನೆ. ಅದು ಪ್ರಶ್ನೆಪತ್ರಿಕೆ ಇದ್ದಂತೆ. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತೇನೆ: ಸರಕು ಬರಮಾಡಿಕೊಳ್ಳುವುದು, ಎಣಿಸುವುದು, ಹಳೆಯದನ್ನು ಮೊದಲು ಕಳಿಸುವುದು, ಆಳುಗಳಿಗೆ ಕೆಲಸ ಹಂಚುವುದು. ಆಮೇಲೆ ಎದುರಿಗೆ ಕೂತವರನ್ನು ಕೇಳುತ್ತೇನೆ.

“ಹವಾಲ್ದಾರ್ರೇ, ನೀವು ಒಂದು ವಾರ ರಜೆ ಹಾಕಿದ್ದರೆ ಅಲ್ಲಿ ಏನು ನಿಲ್ಲುತ್ತಿತ್ತು?”

ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ‘ಡ್ಯೂಟಿ ಸಾರ್’ ಎನ್ನುತ್ತಾರೆ. ಏನು ನಿಲ್ಲುತ್ತಿತ್ತು ಎಂದರೆ ಬಾಯಿ ಬಿಡುತ್ತಾರೆ. ಇವರೂ ಬಿಟ್ಟರು. ಇಂಡೆಂಟ್ ಹೋಗುತ್ತಿರಲಿಲ್ಲ, ವೋಚರಿಗೆ ಸಹಿ ಬೀಳುತ್ತಿರಲಿಲ್ಲ, ಹರಿದ ಟೆಂಟು ವಾಪಸ್ ಹೋಗಿ ಹೊಸದು ಬರುತ್ತಿರಲಿಲ್ಲ. ಕೈಕೆಳಗೆ ಎಷ್ಟು ಜನ ಎಂದೆ. “ನೂರಿಪ್ಪತ್ತು ಸಾರ್.” ಅಲ್ಲ, ಸ್ಟೋರಿನಲ್ಲಿ ನಿಮ್ಮ ಮಾತು ಕೇಳಿ ಕೆಲಸ ಮಾಡಿದವರು? ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಲ್ಕು ಜನ.” ಸರಿ. ನಾಲ್ವರ ಮೇಲ್ವಿಚಾರಣೆ, ನೂರಿಪ್ಪತ್ತು ಜನರಿಗೆ ಪೂರೈಕೆ. ಈ ಎರಡು ಸಂಖ್ಯೆಗಳನ್ನು ಕಲಸಿದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಆಮೇಲೆ ಬಂತು ಹಿಮದ ಮಾತು. ಎತ್ತರದ ಠಾಣೆಗಳಿಗೆ ಚಳಿಗಾಲದಲ್ಲಿ ದಾರಿ ಮುಚ್ಚುತ್ತದೆ. ಆದ್ದರಿಂದ ಬೇಸಿಗೆಯಲ್ಲೇ ತಿಂಗಳುಗಟ್ಟಲೆ ಸಾಲುವಷ್ಟು ಸಾಮಾನು ಏರಿಸಿಡಬೇಕು. ನೂರಿಪ್ಪತ್ತು ಜನ, 180 ದಿನ ಎಂದರೆ 21,600 ಆಳು-ದಿನ. ರಜೆಗೆ ಹೋಗುವವರನ್ನು ಕಳೆಯಬೇಕು, ಕಳೆದ ವರ್ಷ ಉಳಿದದ್ದನ್ನು ಕಳೆಯಬೇಕು, ಒಡೆದುಹೋಗುವ ಡಬ್ಬಗಳಿಗೆ ಒಂದಿಷ್ಟು ಕೂಡಿಸಬೇಕು. ಹೇಳುವಾಗ ಅವರ ಬೆರಳುಗಳು ಮೇಜಿನ ಮೇಲೆ ಮನಗಣಿತ ಮಾಡುತ್ತಿದ್ದವು. ನನಗೋ ಬಾಯಲ್ಲಿ ನೀರು. ಇದನ್ನು ‘ಡಿಮ್ಯಾಂಡ್ ಫೋರ್‌ಕಾಸ್ಟಿಂಗ್’ ಎಂದು ಬರೆದುಬಿಟ್ಟರೆ ಎಷ್ಟು ಚೆನ್ನ!

ಬರೆದೆ, ಆಮೇಲೆ ಹೊಡೆದುಹಾಕಿದೆ. ಒಬ್ಬ ಸೈನಿಕನಿಗೆ ದಿನಕ್ಕೆ ಏನು ಎಷ್ಟು ಎಂಬ ಪ್ರಮಾಣ ಮೇಲಿನಿಂದ ಬರುತ್ತದೆ, ಅದನ್ನು ಅವರು ನಿರ್ಧರಿಸುವುದಿಲ್ಲ. ಮುಂದೆ ಜನ ಎಷ್ಟು ಕೊಳ್ಳುತ್ತಾರೆಂದು ಅಂದಾಜಿಸುವುದು ಫೋರ್‌ಕಾಸ್ಟಿಂಗ್. ಇವರು ಮಾಡಿದ್ದು ಗೊತ್ತಿರುವ ಪ್ರಮಾಣವನ್ನು ತಲೆಯೆಣಿಕೆಗೆ, ದಿನಕ್ಕೆ, ಉಳಿದ ದಾಸ್ತಾನಿಗೆ ಹೊಂದಿಸುವುದು. ಗೋದಾಮಿನವರು ಅದಕ್ಕೆ ‘ರಿಪ್ಲೆನಿಶ್‌ಮೆಂಟ್ ಪ್ಲಾನಿಂಗ್’ ಎನ್ನುತ್ತಾರೆ. ಒಂದು ಮೆಟ್ಟಿಲು ಕೆಳಗಿನ ಪದ, ಆದರೆ ಕಾಲಿಟ್ಟರೆ ಗಟ್ಟಿ ನಿಲ್ಲುತ್ತದೆ. ಸರಿಯಾದ ಮೆಟ್ಟಿಲು ಸಿಕ್ಕಾಗ ಆಗುವ ಸುಖವನ್ನು ಯಾರಿಗೆ ಹೇಳಲಿ? ಹೆಂಡತಿಗೆ ಹೇಳಿದೆ. ಅವಳು ತಿಂಡಿ ಆರುತ್ತಿದೆ ಎಂದಳು.

ಎರಡೂ ಕಡೆ ಇರುವ, ಆದರೆ ಅರ್ಥ ಬೇರೆಯಾದ ಪದಗಳೇ ನಿಜವಾದ ಕಳ್ಳರು. “ಸ್ಟಾಕ್ ಟರ್ನ್ ಓವರ್ ತಪ್ಪದೆ ಮಾಡುತ್ತಿದ್ದೆ ಸಾರ್” ಎಂದರು. ಅವರ ಅರ್ಥದಲ್ಲಿ ಅದು ಹಳೆಯ ತಾರೀಖಿನ ಡಬ್ಬವನ್ನು ಮುಂದಕ್ಕೆ ತಂದು ಮೊದಲು ಖರ್ಚು ಮಾಡುವುದು, ಹೊಸದನ್ನು ಹಿಂದಕ್ಕೆ ಜೋಡಿಸುವುದು. ಗೋದಾಮಿನಲ್ಲಿ ಅದೇ ಮಾತಿಗೆ, ವರ್ಷದಲ್ಲಿ ದಾಸ್ತಾನು ಎಷ್ಟು ಸಲ ಮಾರಾಟವಾಗಿ ಮತ್ತೆ ತುಂಬಿತು ಎಂಬ ಲೆಕ್ಕ. ಹಾಗೇ ಬಿಟ್ಟಿದ್ದರೆ ಎದುರಿನವರು “ಎಷ್ಟಿತ್ತು?” ಎನ್ನುತ್ತಿದ್ದರು, ಇವರು ಹಾಲಿನ ಡಬ್ಬದ ಕಥೆ ಹೇಳುತ್ತಿದ್ದರು. ಅಲ್ಲಿ ಬೇಕಾದ ಪದ ‘ಫಿಫೋ’, ಮೊದಲು ಬಂದದ್ದು ಮೊದಲು ಹೊರಗೆ. ‘ಹ್ಯಾಂಡಿಂಗ್ ಟೇಕಿಂಗ್’ ಕೂಡ ಹೀಗೆಯೇ. ಹುದ್ದೆ ಬದಲಾಗುವಾಗ ಒಂದೊಂದು ವಸ್ತುವನ್ನೂ ಎಣಿಸಿ, ಲೆಡ್ಜರಿಗೆ ತಾಳೆ ಹಾಕಿ ಇಬ್ಬರೂ ಸಹಿ ಹಾಕುವ ಕ್ರಮ ಅದು. ಹೊರಗಿನವರ ಕಿವಿಗೆ ಬೀಗದ ಕೈ ಕೊಟ್ಟು ಹೋದಂತೆ ಕೇಳುತ್ತದೆ. ‘ಪೂರ್ಣ ದಾಸ್ತಾನಿನ ಭೌತಿಕ ತಪಾಸಣೆ, ಲೆಡ್ಜರಿನೊಂದಿಗೆ ತಾಳೆ’ ಎಂದು ಬಿಡಿಸಿ ಬರೆದಾಗ ಅದರ ತೂಕ ಕಾಣುತ್ತದೆ.

ಜಾಹೀರಾತಿನ ಒಂದು ಸಾಲಿಗೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ: ಗೋದಾಮಿನ ಸಾಫ್ಟ್‌ವೇರ್ ಬಳಸಿ ಗೊತ್ತಿರಬೇಕು. ಇವರದು ಕೈಬರಹದ ಲೆಡ್ಜರ್, ಕೊನೆಯ ಕೆಲವು ವರ್ಷ ಎಕ್ಸೆಲ್. ಹಾಗೆಯೇ ಬರೆದೆವು. ಪದ ಎಷ್ಟು ಜಾಣತನದ್ದಾದರೂ ಕಲಿಯದ ಕೀಲಿಮಣೆಯನ್ನು ಒತ್ತಲಾರದು.

ಠಾಣೆಯ ಹೆಸರು ಹಾಕಲಿಲ್ಲ. ಹಿಂದೊಮ್ಮೆ ಒಬ್ಬರು ತಮ್ಮ ತುಕಡಿ ಎಲ್ಲೆಲ್ಲಿತ್ತು, ಯಾವ ಶಸ್ತ್ರ ಎಷ್ಟಿತ್ತು ಎಂದೆಲ್ಲ ತಾರೀಖು ಸಮೇತ ಬರೆದುಕೊಂಡು ಬಂದಿದ್ದರು. ಆ ಹಾಳೆಯನ್ನು ಅವರ ಕೈಯಿಂದಲೇ ಹರಿಸಿದೆ. ‘ಅತಿ ಎತ್ತರದ ಪ್ರದೇಶ’ ಎಂದರೆ ಗೋದಾಮಿನವರಿಗೆ ಸಾಕು.

ಕೊನೆಗೆ ಉಳಿದದ್ದು ತಲೆಬರಹ. ನಾನು ‘ಸ್ಟೋರ್ಸ್ ಸೂಪರ್‌ವೈಸರ್’ ಎಂದು ಬರೆದಿದ್ದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಎಲ್ಲಾ ಸರಿ ಸಾರ್. ಹವಾಲ್ದಾರ್ ಎಲ್ಲಿ ಹೋದ?”

ಕೇಳಿದ್ದು ನ್ಯಾಯವೇ. ಬಿಡುಗಡೆ ಪುಸ್ತಕದಲ್ಲಿ ಇರುವುದು ಒಂದು, ರೆಸ್ಯೂಮೆಯಲ್ಲಿ ಇನ್ನೊಂದು ಎಂದಾದರೆ ದಾಖಲೆ ಪರಿಶೀಲಿಸುವವನಿಗೂ ಅನುಮಾನ ಬರುತ್ತದೆ. ಹೊಸ ಹೆಸರಿನ ಕೆಳಗಿನ ಸಾಲಿನಲ್ಲೇ, ಭಾರತೀಯ ಸೇನೆಯಲ್ಲಿ ಪದನಾಮ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಎಂದು ಒಂದಕ್ಷರ ಮೊಟಕು ಮಾಡದೆ ಬರೆದೆ. ಪದಕಗಳು ಕೊನೆಗೆ ಎರಡು ಸಾಲಿನಲ್ಲಿ ಕೂತವು. ಒಟ್ಟು ಒಂದೂವರೆ ಪುಟ.

ಸಂದರ್ಶನಕ್ಕೆ ಕರೆ ಬಂದಿದೆ ಎಂದು ಮೊನ್ನೆ ಫೋನ್ ಮಾಡಿದ್ದರು. ಯಾವ ಬಸ್ಸಿಗೆ ಹೊರಟರೆ ಒಂದು ಗಂಟೆ ಮುಂಚೆ ತಲುಪಬಹುದೆಂದು ವಿಚಾರಿಸಿದರು. ಈ ಭಾನುವಾರ ಅವರ ಊರಿನವರೇ ಇನ್ನೊಬ್ಬರು ಬರುತ್ತಾರೆ. ಸಿಗ್ನಲ್ಸ್‌ನವರು, ಪದನಾಮ ಆಪರೇಟರ್. ಪೀಣ್ಯದಲ್ಲಿ ಆಪರೇಟರ್ ಎಂದರೆ ಲೇತ್ ಮುಂದೆ ನಿಲ್ಲುವವ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.