ಒಂದು ಕೆಜಿ ಹಿಟ್ಟಿಗೆ ಎಷ್ಟು ದೋಸೆ?

ನಮ್ಮತ್ತಿಗೆ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ. ದಿನಕ್ಕೆ 4 ಕೆಜಿ ಅಕ್ಕಿ, 1 ಕೆಜಿ ಉದ್ದಿನಬೇಳೆ, ಒಂದು ಹಿಡಿ ಮೆಂತ್ಯ. ಮೊದಲೆಲ್ಲ ಅಳತೆ ಲೆಕ್ಕದಲ್ಲೇ ಕೊಡುತ್ತಿದ್ದರು. ಒಂದು ಲೀಟರಿನ ಸ್ಟೀಲ್ ಪಾತ್ರೆ ತುಂಬಾ ಹಿಟ್ಟಿಗೆ ಇಷ್ಟು ದುಡ್ಡು ಅಂತ. ಅದರಿಂದ ವಾರಕ್ಕೊಂದಾದರೂ ತಕರಾರು ಇದ್ದೇ ಇರುತ್ತಿತ್ತು. "ಅಕ್ಕಾ, ಮೊನ್ನೆ 14 ದೋಸೆ ಬಂತು, ಇವತ್ತು 9ಕ್ಕೇ ಮುಗೀತು. ನೀರು ಜಾಸ್ತಿ ಹಾಕಿದ್ರಾ?" ಅಂತ ಪಕ್ಕದ ಬೀದಿಯವರು ಕೇಳಿದ ದಿನ ಅತ್ತಿಗೆಗೆ ಊಟವೇ ಸೇರಲಿಲ್ಲ. ಸುದ್ದಿ ಬರೆಯೋ ಕೆಲಸದವನಿಗೆ ಲೆಕ್ಕ ತಪ್ಪುವುದು ಎಲ್ಲಿ ಅಂತ ಹುಡುಕುವ ಚಟ. ಸಣ್ಣದೊಂದು ತೂಕದ ಯಂತ್ರ ತಂದು ಅಡುಗೆಮನೆಯಲ್ಲಿಟ್ಟೆ.

ಸಂಜೆ ರುಬ್ಬಿದ ಕೂಡಲೇ ಅದೇ ಪಾತ್ರೆ ತುಂಬಿ ತೂಗಿದೆವು. ಹಿಟ್ಟು ಹತ್ತಿರ ಹತ್ತಿರ 1 ಕೆಜಿ ಇತ್ತು. ಬೆಳಿಗ್ಗೆ ಹುಳಿ ಬಂದು ಉಬ್ಬಿದ ಮೇಲೆ ಅದೇ ಪಾತ್ರೆ ತುಂಬಿದರೆ ಬಂದದ್ದು 650 ಗ್ರಾಂ ಚಿಲ್ಲರೆ. ಉಬ್ಬಿದ ಹಿಟ್ಟಿನಲ್ಲಿ ಹೆಚ್ಚಾಗಿರೋದು ಗಾಳಿ, ಅಕ್ಕಿ ಬೇಳೆ ಅಲ್ಲ. ಸಂಜೆ ಒಯ್ದವರಿಗೆ 14 ದೋಸೆ, ಬೆಳಿಗ್ಗೆ ಒಯ್ದವರಿಗೆ 9. ದುಡ್ಡು ಮಾತ್ರ ಇಬ್ಬರದೂ ಒಂದೇ. ನೀರಿನ ಮೇಲೆ ಹೊರಿಸಿದ ತಪ್ಪು ಪಾತ್ರೆಯದು.

ಅತ್ತಿಗೆಯ ಕಡೆಯಿಂದ ನೋಡಿದರೂ ಅಷ್ಟೇ. 5 ಕೆಜಿ ಕಾಳು ರುಬ್ಬಿದರೆ ಸುಮಾರು ಹನ್ನೊಂದೂವರೆ ಕೆಜಿ ಹಿಟ್ಟು ಬರುತ್ತದೆ. ಎಲ್ಲ ಸಂಜೆಯೇ ಖರ್ಚಾದರೆ 11 ಪಾತ್ರೆಯ ದುಡ್ಡು, ಬೆಳಿಗ್ಗೆ ಖರ್ಚಾದರೆ 17 ಪಾತ್ರೆಯದು. ಹೀಗಿರುವಾಗ ಲಾಭವೋ ನಷ್ಟವೋ ತಿಳಿಯೋದು ಹೇಗೆ?

ಕಾಳಿನ ಎರಡೂಕಾಲು ಪಟ್ಟು ಹಿಟ್ಟು ಆಗುವುದು ನೀರಿನಿಂದ. ಅಕ್ಕಿ ನೆನೆದಾಗ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರು ಕುಡಿಯುತ್ತದೆ. ಉದ್ದು ತನ್ನಷ್ಟೇ ತೂಕದ ನೀರು ಕುಡಿದು, ರುಬ್ಬುವಾಗ ಇನ್ನೂ ಕೇಳುತ್ತದೆ. ಉದ್ದಿನ ಲೋಳೆಯೇ ಗಾಳಿಯನ್ನು ಹಿಡಿದಿಡುವುದು. 4 ಪಾಲು ಅಕ್ಕಿಗೆ 1 ಪಾಲು ಉದ್ದಾದರೆ ದೋಸೆ ಗರಿಗರಿ, 3ಕ್ಕೆ 1 ಆದರೆ ಸ್ವಲ್ಪ ಮೆದು. ಉದ್ದು ಹೆಚ್ಚಿಸಿದರೆ ಹಿಟ್ಟೂ ಒಂದಿಷ್ಟು ಹೆಚ್ಚಾಗುತ್ತದೆ, ಆದರೆ ಬೇಳೆಯ ರೇಟು ಅಕ್ಕಿಯದಕ್ಕಿಂತ ಜಾಸ್ತಿ, ಮೇಲಾಗಿ ದೋಸೆ ಹೆಂಚಿಗೆ ಅಂಟಲು ಶುರು. ಉದ್ದು ತೀರಾ ಕಡಿಮೆಯಾದರೆ ಹಿಟ್ಟು ಉಬ್ಬುವುದಿಲ್ಲ, ದೋಸೆ ಒರಟಾಗಿ ಅಂಚು ಬಿರುಕು ಬಿಡುತ್ತದೆ.

ಬೇಳೆ ಹಳೆಯದಾದರೆ ಅಷ್ಟು ನೀರು ಹಿಡಿಯುವುದಿಲ್ಲ. ಅದನ್ನು ತಿಳಿಯಲು ಅತ್ತಿಗೆ ರುಬ್ಬಿದ ಉದ್ದನ್ನು ಒಂದು ಚಿಟಿಕೆ ತೆಗೆದು ಲೋಟದ ನೀರಿಗೆ ಬಿಡುತ್ತಾರೆ. ತೇಲಿದರೆ ಸರಿಯಾಗಿದೆ. ಮುಳುಗಿದರೆ ಇನ್ನಷ್ಟು ರುಬ್ಬಬೇಕು. ಎಷ್ಟು ರುಬ್ಬಿದರೂ ಮುಳುಗುತ್ತಿದ್ದರೆ ಬೇಳೆಯೇ ಹಳೆಯದು. ಮಿಕ್ಸಿಯಲ್ಲಿ ರುಬ್ಬುವವರು ತಣ್ಣೀರು ಹಾಕಬೇಕು. ಹಿಟ್ಟು ಬಿಸಿಯಾದರೆ ಸರಿಯಾಗಿ ಉಬ್ಬುವುದಿಲ್ಲ.

ಇನ್ನು ದೋಸೆ ಎಷ್ಟು ಅನ್ನೋ ಪ್ರಶ್ನೆ. ಅದನ್ನು ಹೇಳೋದು ನಿಮ್ಮ ಸೌಟು. ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು, ನೀವು ಹೆಂಚಿಗೆ ಹೊಯ್ಯುವಷ್ಟೇ ಹಿಟ್ಟು ಅದಕ್ಕೆ ಸುರಿದು ನೋಡಿ. ನಮ್ಮನೆ ತೆಳು ದೋಸೆಗೆ 70 ಗ್ರಾಂ ಬಂತು, ಅಂದರೆ ಕೆಜಿಗೆ 14. ಸ್ವಲ್ಪ ದಪ್ಪ ಹೊಯ್ದು 80 ಗ್ರಾಂ ಆದರೆ 12. ಹೋಟೆಲಿನ ಹಾಗೆ ದೊಡ್ಡದಾಗಿ 110 ಗ್ರಾಂ ಹೊಯ್ದರೆ 9. ಹೊಯ್ಯುವ ಮುಂಚೆ ನೀರು ಸೇರಿಸಿ ತೆಳು ಮಾಡುವವರು, ಸೇರಿಸಿದ ಮೇಲೆ ತೂಗಬೇಕು.

ಕಳೆದ ತಿಂಗಳು ಅತ್ತಿಗೆಗೆ ಒಂದು ನಾಮಕರಣದ ಆರ್ಡರ್ ಬಂತು. 60 ಜನ, ತಲೆಗೆ 3ರಂತೆ 180 ದೋಸೆ. 80 ಗ್ರಾಂ ಲೆಕ್ಕದಲ್ಲಿ 14 ಕೆಜಿ 400 ಗ್ರಾಂ ಹಿಟ್ಟು ಬೇಕು. ಹೆಂಚಿಗೆ ಅಂಟಿ ಹಾಳಾಗುವುದು, ಪಾತ್ರೆಯಲ್ಲಿ ಉಳಿಯುವುದು ಸೇರಿ 15 ಕೆಜಿ ಅಂತ ಹಿಡಿದೆವು. ಅದಕ್ಕೆ ಆರೂವರೆ ಕೆಜಿ ಕಾಳು, ಅಂದರೆ 5 ಕೆಜಿ 200 ಗ್ರಾಂ ಅಕ್ಕಿ, 1 ಕೆಜಿ 300 ಗ್ರಾಂ ಉದ್ದು. ಅವತ್ತು ಕೊನೆಗೆ ಉಳಿದದ್ದು ಒಂದು ಬಟ್ಟಲು ಹಿಟ್ಟು.

ಈಗ ಅತ್ತಿಗೆ ಕೊಡುವುದು ತೂಕದಲ್ಲೇ. ಮೊದಮೊದಲು ಬೆಳಿಗ್ಗೆ ಬರುವವರು "ಇದೇನಕ್ಕಾ, ಒಂದು ಕೆಜಿಗೆ ಪಾತ್ರೆ ತುಂಬಿ ಚೆಲ್ತಾ ಇದೆ" ಅಂತ ನಗುತ್ತಿದ್ದರು. ನೀವೂ ಹಿಟ್ಟು ಕೊಳ್ಳುವವರಾದರೆ ಪಾತ್ರೆ ನೋಡಬೇಡಿ, ತೂಗಿಸಿ ತಗೊಳ್ಳಿ. ಮಾರುವವರಾದರೆ, ಇವತ್ತು ಸಂಜೆ ಒಂದು ಪಾತ್ರೆ, ನಾಳೆ ಬೆಳಿಗ್ಗೆ ಅದೇ ಪಾತ್ರೆ ತೂಗಿ ನೋಡಿ ಆಮೇಲೆ ರೇಟು ಬರೆದು ಹಾಕಿ.